ಕಂಬಳಿಯ ಮೇಲೆ ಕೂತ ಗೌರಿಹಬ್ಬ

ಗೌರಿಹಬ್ಬಕ್ಕೆಂದು ಮೊಮ್ಮಗಳು ವಡೋದರದ ಫತೇಗಂಜ್ ಹಾಸ್ಟೆಲ್ಲಿನಿಂದ ಹಿಂದಿನ ಸಂಜೆಯೇ ಅಹಮದಾಬಾದಿನ ನಮ್ಮ ಮನೆಗೆ ಬಂದಿದ್ದಳು. ನನ್ನ ಪಕ್ಕ ಕೂತು ಪೂಜೆ ಮಾಡಬೇಕು, ನನ್ನ ಕೈಯಿಂದಲೇ ಗೌರಿದಾರ ಕಟ್ಟಿಸಿಕೊಳ್ಳಬೇಕು ಎಂಬುದು ಅವಳ ಆಸೆ. ಬೆಳಿಗ್ಗೆ ನಾನು ಮಂಟಪಕ್ಕೆ ಬಾಳೆಕಂದು ಕಟ್ಟುತ್ತಿದ್ದಾಗ ಹಾಲಿನ ಬಾಗಿಲಲ್ಲೇ ನಿಂತಳು.

"ಅಜ್ಜಿ, ನನಗೆ ಪೀರಿಯಡ್ಸ್ ಶುರುವಾಯ್ತು. ನಾನು ರೂಮಲ್ಲೇ ಇರ್ತೀನಿ."

ನಾನು ಬಾ ಎನ್ನಲಿಲ್ಲ. ಹೋಗು ಎನ್ನಲೂ ಬಾಯಿ ಬರಲಿಲ್ಲ. ಹೂ ಕಟ್ಟುವ ನೆಪದಲ್ಲಿ ಅವಳ ಕೋಣೆಯ ಹೊಸ್ತಿಲ ಬಳಿ ಕೂತೆ. ನಿಮ್ಮ ಕಾಲದಲ್ಲಿ ಹೇಗಿತ್ತು ಎಂದು ಕೇಳಿದಳು.

ಚಿತ್ರದುರ್ಗದ ನಮ್ಮ ಅತ್ತೆಮನೆಯಲ್ಲಿ 'ಹೊರಗೆ' ಕೂರಲು ಹಿತ್ತಲ ಕಡೆ ಒಂದು ಕೋಣೆ ಇತ್ತೆಂದೆ. ಬೇರೆ ಚಾಪೆ, ಬೇರೆ ತಟ್ಟೆ, ಬೇರೆ ಚೊಂಬು. ಅನ್ನವನ್ನು ತಟ್ಟೆಗೆ ಮೇಲಿನಿಂದ ಹಾಕುತ್ತಿದ್ದರು. ಹಳೆಯ ಸೀರೆಯ ಬಟ್ಟೆ ಮಡಿಸಿ ಸೊಂಟದ ದಾರಕ್ಕೆ ಸಿಕ್ಕಿಸಿಕೊಳ್ಳುವುದು. ಒಗೆದದ್ದನ್ನು ಯಾರ ಕಣ್ಣಿಗೂ ಬೀಳದಂತೆ ಇನ್ನೊಂದು ಬಟ್ಟೆಯ ಕೆಳಗೆ ಒಣಹಾಕಬೇಕು, ಅದು ಸರಿಯಾಗಿ ಒಣಗುತ್ತಿರಲಿಲ್ಲ, ಹಸಿಬಟ್ಟೆಗೆ ತೊಡೆ ಉಜ್ಜಿ ಗಾಯವಾಗುತ್ತಿತ್ತು. ನಾಲ್ಕನೆಯ ದಿನ ಚಾಪೆಯನ್ನೂ ತೊಳೆದು, ತಲೆಗೆ ನೀರು ಹಾಕಿಕೊಂಡು ಒಳಗೆ ಬರುವುದು. ದೇವರ ಕೆಲಸ ಐದನೆಯ ದಿನಕ್ಕೆ. ಉಪ್ಪಿನಕಾಯಿ ಜಾಡಿಯ ಹತ್ತಿರವೂ ಸುಳಿಯುವಂತಿರಲಿಲ್ಲ.

"ಮತ್ತೆ ಪಾಪು ಇದ್ರೆ?"

ಮಗುವಿನ ಬಟ್ಟೆ ಬಿಚ್ಚಿ ಕೊಟ್ಟರೆ ಮೈಲಿಗೆಯಿಲ್ಲ, ಬರಿಮೈ ಮಗುವಿಗೆ ದೋಷವಿಲ್ಲ ಎನ್ನುತ್ತಿದ್ದರು. ಆದರೆ ಒಮ್ಮೆ ನಾನು ಹೊರಗಿದ್ದಾಗ ಅವಳ ಅಪ್ಪನಿಗೆ ಜ್ವರ ಬಂತು. ಹಾಲು ಬಿಡದ ಕೂಸು. ಚಳಿಯಲ್ಲಿ ಬಟ್ಟೆ ಬಿಚ್ಚುವ ಹಾಗಿಲ್ಲ. ಅತ್ತು ಅತ್ತು ಗಂಟಲು ಕಟ್ಟಿತು. ನಮ್ಮ ಅತ್ತೆ ತುಂಬ ಮಡಿಯವರು. ಕಂಬಳಿ ಉಣ್ಣೆ, ಅದಕ್ಕೆ ಮೈಲಿಗೆ ಅಂಟದು ಎಂದು ಅವರೇ ಅವನನ್ನು ಕಂಬಳಿಯಲ್ಲಿ ಸುತ್ತಿ ತಂದು ನನ್ನ ಮಡಿಲಿಗೆ ಹಾಕಿದರು.

"ಅಂದ್ರೆ ಅಪ್ಪ ಪಾರ್ಸೆಲ್ ಆಗಿ ಬಂದ್ರಾ?" ಎಂದಳು. ಹಾಲಿನಲ್ಲಿ ಪೇಪರು ಓದುತ್ತಿದ್ದ ಮಗ ಕೆಮ್ಮಿದ.

ನಗು ನಿಂತ ಮೇಲೆ ಮೆಲ್ಲಗೆ ಕೇಳಿದಳು: "ಅಜ್ಜಿ, ನಿಮ್ಮ ಅತ್ತೆ ಮನಸ್ಸು ಮಾಡಿದ್ದಕ್ಕೆ ದಾರಿ ಸಿಕ್ತು ಅಲ್ವಾ?"

ಆ ದಿನ ಅತ್ತೆಗೆ ಆ ಕಂಬಳಿ ನೆನಪಾದದ್ದು ದೇವರ ದಯೆಯೆಂದೇ ಇಷ್ಟು ವರ್ಷ ನಂಬಿದ್ದೇನೆ. ಅದೇ ದೇವರು ಇವತ್ತು ಈ ಮಗುವಿಗೆ ಮಾತ್ರ ಕೋಣೆಯಲ್ಲೇ ಇರು ಅಂದಾನೆಯೇ?

ಎದ್ದು ಬೀರುವಿನಿಂದ ಒಂದು ಉಣ್ಣೆಯ ಕಂಬಳಿ ತೆಗೆದೆ. ಮಂಟಪದ ಮುಂದೆ, ನನ್ನ ಮಣೆಯ ಪಕ್ಕದಲ್ಲೇ ಹಾಸಿದೆ.

"ಬಾ, ಕೂತ್ಕೋ."

ಪೂಜೆ ಮುಗಿದಾಗ ಅವಳು ಕೈ ಚಾಚಿದಳು, ಆದರೆ ನನಗೆ ತಾಗದಂತೆ ದೂರದಿಂದ. ಆ ಕೈ ಹಿಡಿದು ಹತ್ತಿರ ಎಳೆದುಕೊಂಡು ದಾರ ಕಟ್ಟಿದೆ. ಆಮೇಲೆ ಮತ್ತೆ ಸ್ನಾನಕ್ಕೆ ಹೋಗಲಿಲ್ಲ. ನೇರ ಅಡುಗೆಮನೆಗೆ ಹೋಗಿ ಎಲೆ ಹಾಕಿದೆ.