ಬ್ಲೇಡಕ್ಕನ ತಾಯಿ ಲೋಗೋ

ಬ್ಲೇಡಕ್ಕ ಅನ್ನೋ ಹೆಸರು ಯಾಕೆ ಬಂತು ಅನ್ನೋದಕ್ಕೆ ಅಂಗಡೀಲಿ ಎರಡು ಕತೆ ಇದೆ. ಸ್ಟಿಕ್ಕರ್ ಕತ್ತರಿಸೋ ಮಷೀನಿಗೆ ಬ್ಲೇಡ್ ಹಾಕೋದು ಅವಳೊಬ್ಳೇ, ಅದಕ್ಕೆ ಅಂತಾನೆ ಅವಳ ಭಾವ. ಅವಳ ನಾಲಿಗೆಗೆ ಒಂದ್ಸಲ ಸಿಕ್ಕಿ ಬಂದೋರು ಬೇರೆ ಕತೆ ಹೇಳ್ತಾರೆ. ಎರಡೂ ನಿಜ ಬಿಡಿ.

ಸ್ಟಿಕ್ಕರ್, ಬೋರ್ಡ್ ಮಾಡೋ ಈ ಅಂಗಡಿ ಭಾವಂದು, ಅಂದ್ರೆ ಗಂಡನ ಅಣ್ಣಂದು. ಗಂಡ ಏಣಿ ಹೊತ್ಕೊಂಡು ಬೋರ್ಡ್ ಕಟ್ಟೋಕೆ ಹೋಗ್ತಾನೆ, ಭಾವ ಕೌಂಟರ್‌ನಲ್ಲಿ ಕೂತು ಮಾತಾಡ್ತಾನೆ, ಕಂಪ್ಯೂಟರ್ ಮುಂದೆ ಇವಳು. ಭಾವನ ಬಾಯಲ್ಲಿ ಎಲ್ಲಾನೂ ಐದು ನಿಮಿಷ. "ಲೋಗೋ ತಾನೆ, ತೆಗೆದು ಹಾಕಿದ್ರಾಯ್ತು, ಐದು ನಿಮಿಷ." ಈ ಮಾತು ಕೇಳಿದಾಗೆಲ್ಲ ಬ್ಲೇಡಕ್ಕನ ಕಿವಿ ಕೆಂಪಗಾಗುತ್ತೆ. ನಾನೇ ಕಣ್ಣಾರೆ ನೋಡಿದೀನಿ.

ಅವಳು ಇಂಕ್‌ಸ್ಕೇಪ್‌ನಲ್ಲಿ, ಅದೇ ಡಿಸೈನ್ ಮಾಡೋ ಸಾಫ್ಟ್‌ವೇರ್‌ನಲ್ಲಿ, ಮಾಡಿಟ್ಟಿರೋ ಲಾಂಡ್ರಿ ವ್ಯಾನ್ ಫೈಲ್ ಇದೆಯಲ್ಲ, ಅದನ್ನ ನೋಡಬೇಕು ನೀವು. ಎರಡು ಬಾಗಿಲು, ಹಿಂದುಗಡೆ, ಮುಂದಿನ ಬಾನೆಟ್ಟು, ಎಲ್ಲಾ ಕಡೆ ಲೋಗೋ. ಆದ್ರೆ ನಿಜವಾದ ಲೋಗೋ ಒಂದೇ, ಪುಟದ ಗೆರೆಯಿಂದ ಆಚೆ, ಗ್ರೂಪ್ ಮಾಡಿ ಇಟ್ಟಿರ್ತಾಳೆ. ಅದಕ್ಕೆ ತಾಯಿ ಅಂತಾಳೆ. ಬಾಗಿಲಲ್ಲಿ ಇರೋವೆಲ್ಲ ಅದರ ಕ್ಲೋನ್‌ಗಳು, ಮಕ್ಕಳು. ತಾಯಿ ಬದಲಾದ್ರೆ ಮಕ್ಕಳೆಲ್ಲ ಕೂತ ಜಾಗದಲ್ಲೇ ಬದಲಾಗ್ತವೆ, ಒಂದು ಕೂದಲಷ್ಟೂ ಅಲ್ಲಾಡಲ್ಲ. ಬಣ್ಣಾನೂ ಹಂಗೆ. ಬಣ್ಣದ ಪಟ್ಟೀಲಿರೋ ಒಂದು ಸ್ವಾಚ್‌ಗೆ 'ಲಾಂಡ್ರಿ ನೀಲಿ' ಅಂತ ಹೆಸರಿಟ್ಟಿದಾಳೆ. ಅದೊಂದನ್ನ ತಿದ್ದಿದ್ರೆ ಆ ಸ್ವಾಚ್ ಹಚ್ಚಿರೋದೆಲ್ಲ ತಾನಾಗೇ ತಿದ್ಕೊಳುತ್ತೆ.

ಆ ಲಾಂಡ್ರಿಯೋರು ಲೋಗೋ ಬದಲಾಯಿಸಿದ್ರು. ಮೊದಲು ನೊರೆಗುಳ್ಳೆ ಇತ್ತು, ಈಗ ಹ್ಯಾಂಗರಿಗೆ ನೇತಾಕಿದ ಶರ್ಟು. ವ್ಯಾನ್ ತಂದು ಅಂಗಡಿ ಮುಂದೆ ನಿಲ್ಲಿಸಿದ್ರು. ಹಳೆ ಸ್ಟಿಕ್ಕರ್ ಎಲ್ಲ ಕಿತ್ತಾಗಿತ್ತು, ಮೈಮೇಲೆ ಬರೀ ಅಂಟಿನ ಕಲೆ. ಬ್ಲೇಡಕ್ಕನಿಗೆ ಅವತ್ತು ಹಲ್ಲಿನ ಡಾಕ್ಟರ ಹತ್ರ ಹೋಗೋದಿತ್ತು. "ಹೊಸ ಲೋಗೋ ಪಿಡಿಎಫ್ ಬಂದಿದೆ, ಬಂದು ಮಾಡ್ತೀನಿ. ಯಾರೂ ಫೈಲ್ ಮುಟ್ಟಬೇಡಿ ಭಾವ" ಅಂತ ಹೇಳೇ ಹೋದ್ಲು.

ಅರ್ಧ ಬಾಯಿ ಜೋಮು ಹಿಡಿದು ವಾಪಸ್ ಬಂದ್ಲು. ಮೆಟ್ಟಿಲ ಮೇಲೇ ಮಷೀನಿನ ಸದ್ದು ಕೇಳಿಸ್ತು. ಅದು ಸರ್ರಂತ ಓಡಬೇಕು. ಇದು ಒಂದೇ ಕಡೆ ಟಿಕ್ ಟಿಕ್ ಟಿಕ್ ಅಂತ ಕುಕ್ತಾ ಇದೆ. ಓಡಿ ಹೋಗಿ ಆಫ್ ಮಾಡಿದ್ಲು. ನೀಲಿ ಶೀಟು ಹರಿದು, ಸಿಪ್ಪೆ ಥರ ಸುರುಳಿ ಸುತ್ಕೊಂಡು ಕೂತಿತ್ತು.

ಕುರ್ಚೀಲಿ ಲಾಂಡ್ರಿ ಮ್ಯಾನೇಜರ್ ಮೇಡಂ. ಅವರೆದುರಿಗೇ ಭಾವ ಶುರು ಮಾಡಿದ. "ನೋಡಮ್ಮ, ಬೆಳಿಗ್ಗೆ ನೀನು ಮಾಡಿಟ್ಟು ಹೋದ ಫೈಲ್ ಎಡವಟ್ಟಾಗಿದೆ. ಮೇಡಂ ಆಗಿಂದ ಕಾಯ್ತಾ ಇದಾರೆ."

ಬ್ಲೇಡಕ್ಕ ಭಾವನ ಮುಖ ನೋಡಿದ್ಲು. ಭಾವ ಕ್ಯಾಲೆಂಡರ್ ನೋಡಿದ.

ಮೇಡಂ ಮೆತ್ತಗೇ ಅಂದ್ರು, "ನಿಮಗೆ ಬರಲ್ಲ ಅಂದಿದ್ರೆ ಬೇರೆ ಕಡೆ ಕೇಳ್ತಿದ್ವಲ್ಲಮ್ಮ. ನಮ್ಮ ಮಿಕ್ಕಿದ ವ್ಯಾನೂ ನಿಮ್ಮ ಕೈಗೇ ಕೊಡೋಣ ಅಂತಿದ್ದೆ."

ಬರಲ್ಲ. ಅದೂ ಇವಳಿಗೆ. ಬೈಯೋಣ ಅಂದ್ರೆ ತುಟಿ ಅಲ್ಲಾಡಲ್ಲ. ಅಂಥ ನಾಲಿಗೆ, ಬೇಕಾದ ದಿನವೇ ರಜ ಹಾಕಿತ್ತು. ಸುಮ್ನೆ ಹೋಗಿ ಫೈಲ್ ತೆರೆದ್ಲು.

ಏನಾಗಿದೆ ಅಂತ ತಿಳಿಯೋಕೆ ಜಾಸ್ತಿ ಹೊತ್ತು ಬೇಕಾಗ್ಲಿಲ್ಲ. ಆಚೆ ಇದ್ದ ತಾಯಿ ನಾಪತ್ತೆ. ಅದನ್ನ ಯಾರೋ ಕಸ ಅಂದ್ಕೊಂಡು ಡಿಲೀಟ್ ಮಾಡಿದಾರೆ, ಮಕ್ಕಳ ಕೊಂಡಿಯೆಲ್ಲ ಕಳಚಿ ಅನಾಥ ಆಗಿವೆ. ಪಿಡಿಎಫ್ ಬಿಟ್ಟು, ಫೋನಿಗೆ ಬಂದಿದ್ದ ಫೋಟೋ ತಂದು, ಅದನ್ನ ಗೆರೆಯಾಗಿಸೋ ಬಿಟ್‌ಮ್ಯಾಪ್ ಟ್ರೇಸ್ ಒತ್ತಿದಾರೆ. ಶರ್ಟಿನ ಅಂಚು ಇಲಿ ಕಚ್ಚಿದ ಹಾಗೆ, ಅಡಿಯಿಂದ ಮುಡಿವರೆಗೂ ನೋಡ್ ಅನ್ನೋ ಚುಕ್ಕೆಗಳೇ. ಮಷೀನ್ ಪಾಪ ಪ್ರತಿ ಚುಕ್ಕೇಲೂ ಬ್ಲೇಡ್ ತಿರುಗಿಸಿ ತಿರುಗಿಸಿ ಶೀಟ್ ಹರಿದಿದೆ. ಬಣ್ಣ ನೋಡಿದ್ರೆ ನಾಲ್ಕು ಥರ ನೀಲಿ, ಒಂದೂ ಸ್ವಾಚಿಂದಲ್ಲ. ಎಡಬಾಗಿಲಿನ ಶರ್ಟು ಫೋನ್ ನಂಬರನ್ನೇ ಮುಚ್ಚಿ ಕೂತಿದೆ, ಬಲಬಾಗಿಲಿಂದು ಹ್ಯಾಂಡಲ್‌ಗೆ ಹೋಗಿ ಸಿಕ್ಕಾಕ್ಕೊಂಡಿದೆ.

"ಭಾವ," ಅಂದ್ಲು, ಒಂದೊಂದೇ ಅಕ್ಷರ ಕಿತ್ತು ಕಿತ್ತು. "ಇದನ್ನ ಮಾಡಿದ್ದು ಯಾರು?"

"ಯಾರಾದ್ರೂ ಆಗ್ಲಿ ಬಿಡಮ್ಮ. ಸರಿ ಮಾಡು. ಐದು ನಿಮಿಷ."

ಅವಳು ಬಿಡಲಿಲ್ಲ. "ಮೇಡಂ, ಇಲ್ಲಿ ಬನ್ನಿ. ನಿಮ್ಮ ಕಣ್ಣೆದುರಿಗೇ ಮಾಡ್ತೀನಿ" ಅಂತ ಪಕ್ಕಕ್ಕೆ ಕುರ್ಚಿ ಎಳೆದ್ಲು.

ಪೆನ್‌ಡ್ರೈವಿಂದ ಹೋದ ವಾರದ ಫೈಲ್ ತೆಗೆದ್ಲು, ತಾಯಿ ಜೀವಂತ ಇತ್ತು. ಪಿಡಿಎಫ್ ಒಳಗೆ ತಂದು ಗ್ರೂಪ್ ಬಿಡಿಸಿ, ಹಿಂದಿದ್ದ ಬಿಳಿ ಚೌಕ ಕಿತ್ತು ಬಿಸಾಕಿದ್ಲು. ಹ್ಯಾಂಗರಿನ ಕೊಕ್ಕೆ ಬರೀ ಗೆರೆಯಾಗಿತ್ತು. "ಹಿಂಗೇ ಬಿಟ್ರೆ ಮಷೀನ್ ಇದರ ನಡುವೆ ಒಂದು ಗೀಟು ಎಳೆದು ಸುಮ್ನಾಗುತ್ತೆ" ಅಂತ ಸ್ಟ್ರೋಕನ್ನ ಪಾಥ್ ಮಾಡಿದ್ಲು, ಗೆರೆಗೆ ಎರಡೂ ಕಡೆ ಅಂಚು ಸಿಕ್ಕಿ ಮೈ ಬಂತು. ಶರ್ಟ್ ಆರಿಸಿ 'ಲಾಂಡ್ರಿ ನೀಲಿ' ಒತ್ತಿದ್ಲು. ಹ್ಯಾಂಗರಿಗೆ ಬೂದಿ ಬಣ್ಣ. ಬೀಗದ ಗುರುತು ಒತ್ತಿ, ಅಗಲ ಎತ್ತರದ ಲೆಕ್ಕ ಕೆಡದ ಹಾಗೆ ಹಳೇ ಲೋಗೋ ಎತ್ತರಕ್ಕೇ ತಂದು, ಅದರ ನಡುಮಧ್ಯಕ್ಕೆ ಅಲೈನ್ ಮಾಡಿದ್ಲು. ಆಮೇಲೆ ಹೊಸದನ್ನ ಕಟ್ ಮಾಡಿ, ತಾಯಿ ಗ್ರೂಪಿನ ಒಳಗೆ ಹೊಕ್ಕು, ಇದ್ದ ಜಾಗಕ್ಕೇ ಪೇಸ್ಟ್. ಒಳಗಿದ್ದ ನೊರೆಗುಳ್ಳೆ ಆರಿಸಿ ಡಿಲೀಟ್.

ನೋಡ್ತಾ ನೋಡ್ತಾ ಎರಡು ಬಾಗಿಲು, ಹಿಂದೆ, ಬಾನೆಟ್ಟು, ಎಲ್ಲಾ ಕಡೆ ಶರ್ಟು ಒಟ್ಟಿಗೇ ಬಂದು ನಿಂತ್ಕೊಂತು. ಫೋನ್ ನಂಬರ್ ಬಿಟ್ಟು ಅದರ ಮೇಗಡೆ, ನೆಟ್ಟಗೆ.

ಮೇಡಂ ಕನ್ನಡಕ ಏರಿಸಿದ್ರು. "ಇಷ್ಟು ಬರೋರು ಬೆಳಿಗ್ಗೆ ಯಾಕಮ್ಮ ಹಂಗೆ ಮಾಡಿದ್ರಿ?"

ಇಷ್ಟೊತ್ತು ಕಾದಿದ್ದ ಬ್ಲೇಡಕ್ಕ ಮೌಸ್ ಬಿಟ್ಟು ಕೈ ಕಟ್ಟಿದ್ಲು. ಇನ್ನೊಂದ್ಸಲ ಒತ್ತಿದ್ರೆ ಫೈಲ್ ಮಷೀನಿಗೆ ಕತ್ತರಿಸೋಕೆ ಹೋಗುತ್ತೆ. ಒತ್ತಲಿಲ್ಲ.

"ಏನಮ್ಮ, ಕಳ್ಸು" ಅಂದ ಭಾವ.

"ಮೇಡಂ ಏನೋ ಕೇಳಿದ್ರಲ್ಲ ಭಾವ. ನೀವು ಹೇಳಿ, ನಾನು ಕಳಿಸ್ತೀನಿ."

"ಮನೆಗೆ ಹೋಗಿ ಮಾತಾಡೋಣ."

"ಮನೇಲಿ ನಾನು ನಿಮ್ಮ ತಮ್ಮನ ಹೆಂಡ್ತಿ, ಬೈಸ್ಕೊಂಡ್ರೂ ಊಟ ಬಡಿಸ್ತೀನಿ. ಇದು ನನ್ನ ಕೆಲಸ. ಇಲ್ಲಿ ಹೋದ ಮಾನ ಇಲ್ಲೇ ವಾಪಸ್ ಬರ್ಬೇಕು."

ಹೊರಗೆ ವ್ಯಾನ್ ಡ್ರೈವರ್ ಒಂದ್ಸಲ ಹಾರನ್ ಒತ್ತಿದ.

"ನಾನೇ," ಅಂದ ಭಾವ, ಕೌಂಟರಿನ ಗಾಜು ಒರೆಸ್ತಾ. "ಬೇಗ ಆಗ್ಲಿ ಅಂತ ನಾನೇ ಕೈ ಹಾಕ್ದೆ ಮೇಡಂ. ಇವಳು ಮುಟ್ಟಬೇಡಿ ಅಂದಿದ್ಲು."

ಮೇಡಂ ಇವಳ ಕಡೆ ತಿರುಗಿದ್ರು. "ಮಿಕ್ಕಿದ ವ್ಯಾನ್ ಯಾವತ್ತು ಕಳಿಸ್ಲಿ, ನೀವೇ ಹೇಳಿ." ನೀವೇ ಅನ್ನೋದನ್ನ ಒತ್ತಿ ಹೇಳಿದ್ರು.

ಬ್ಲೇಡಕ್ಕ ಒತ್ತಿದ್ಲು. ಮಷೀನ್ ಸರ್ರಂತ ಓಡ್ತು.

ಅದಕ್ಕೇನು ಸಿಟ್ಟು ಇಳೀತು ಅಂದ್ಕೊಂಡ್ರಾ? ಕತ್ತರಿಸಿದ ಶೀಟನ್ನ ಭಾವನ ಮುಂದೆ ಹಾಸಿ ಚಿಮಟ ಕೊಟ್ಲು. ಅಕ್ಷರಗಳ ನಡುವಿನ ಬೇಡದ ಚೂರು ಕೀಳೋದು ಎಲ್ಲರಿಗೂ ಬೇಜಾರಿನ ಕೆಲಸ. ಭಾವ ಸೊಂಟ ಬಗ್ಗಿಸಿ ಕೀಳ್ತಾ ಕೂತ. ಜೋಮು ಬಿಡ್ತಾ ಬಂದ ಹಾಗೆ ಇವಳಿಗೆ ಮಾತೂ ವಾಪಸ್ ಬಂತು. ಬಾಕಿ ಇದ್ದ ಬೈಗುಳ ಒಂದೂ ಉಳಿಸದೆ ತೀರಿಸಿದ್ಲು, ಮೊನ್ನೆದೂ ಸೇರಿಸಿ. ಫೈಲಿಗೆ ಹೊಸ ಹೆಸರನ್ನೂ ಇಟ್ಲು: 'ಭಾವ ಮುಟ್ಟಬಾರದು'.

ಮಧ್ಯೆ ಫೋನ್ ಬಂತು. ಯಾರೋ ಜಿಮ್‌ನೋರು, ಲೋಗೋ ಬದಲಾಯಿಸ್ಬೇಕಂತೆ. ಭಾವ ಚಿಮಟ ಕೈಲಿಟ್ಕೊಂಡೇ, "ಅಯ್ಯೋ ಅದೇನ್ ಸಾರ್, ಐದು..." ಅಂದವನು ಇವಳ ಕಡೆ ನೋಡಿದ.

"ಒಂದ್ನಿಮಿಷ ಇರಿ ಸಾರ್," ಅಂದ, "ಕೇಳಿ ಹೇಳ್ತೀನಿ."