ನೆತ್ತಿಯ ಮೇಲೆ ನಿಂತ ಎಣ್ಣೆ

ಅಕ್ಕನ ಮಗಳ ಜಾವಳದ ದಿನ ಮೊದಲ ಕತ್ತರಿ ಹಾಕುವ ಹಕ್ಕು ನನ್ನದಾಗಿತ್ತು. ನಮ್ಮ ಕಡೆ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊದಲ ಎಳೆ ಕೂದಲು ತೆಗೆಯುವವನು ಸೋದರಮಾವ. ಉಳಿದದ್ದನ್ನು ಹಡಪದವನು ಬೋಳಿಸುತ್ತಾನೆ. ಧಾರವಾಡದ ಕಾಲೇಜಿನಿಂದ ಬ್ಯಾಸಿಗೆ ರಜೆಗೆ ಬಂದಿದ್ದ ನಾನು ಅದಕ್ಕಾಗಿ ಹೊಸ ಧೋತರ ಉಟ್ಟು, ಜರಿ ಅಂಚಿನ ರುಮಾಲು ಸುತ್ತಿಕೊಂಡು, ಪಡಸಾಲೆಯ ಕಂಬಳಿಯ ಮೇಲೆ ಮದುಮಗನಂತೆ ಕುಳಿತಿದ್ದೆ. ಒಳಗಿನಿಂದ ಹೂರಣ ರುಬ್ಬುವ ಸದ್ದು, ಬೆಲ್ಲದ ವಾಸನೆ. ಆ ಮುಂಜಾನೆಯನ್ನು ನೆನೆದರೆ ಈಗಲೂ ಮೊದಲು ಬರುವುದು ಸಂತೋಷವೇ. ಅದರ ಬೆನ್ನಿಗೇ ಭಯ.

ನಮ್ಮ ಹಳ್ಳಿ ಅಕ್ಕಲಕೋಟದಿಂದ ದುಧನಿಯ ಕಡೆಗೆ ಹೋಗುವ ದಾರಿಯಲ್ಲಿತ್ತು. ಅಕ್ಕನನ್ನು ಕೊಟ್ಟದ್ದು ಸೊಲ್ಲಾಪುರದ ಅರಿವೆ ಅಂಗಡಿಯವರ ಮನೆಗೆ. ಭಾವ, ಅಕ್ಕ, ವರ್ಷ ತುಂಬಿ ಹೆಚ್ಚು ದಿನವಾಗದ ಕೂಸು, ಮೂವರೂ ರೈಲಿನಲ್ಲಿ ದುಧನಿಗೆ ಬಂದು ಅಲ್ಲಿಂದ ನಮ್ಮ ಗಾಡಿಯಲ್ಲಿ ಮನೆ ಸೇರಿದ್ದರು. ಜಾವಳದ ಹಿಂದಿನ ದಿನ ಕೂಸಿನ ಮೈ ಬಿಸಿಯಾಯಿತು. ನೀರಿನಂಥ ಭೇದಿ ಶುರುವಾಯಿತು. ಅವ್ವ ಕೂಸಿನ ಒಸಡು ಮುಟ್ಟಿ ನೋಡಿ ತೀರ್ಪು ಕೊಟ್ಟಳು.

"ಹಲ್ಲ ಬರಾಕತ್ತಾವ. ಹಲ್ಲ ಬರುವಾಗ ಜುಲಾಬ ಆಗೂದ. ನೀರ ಮಾತ್ರ ಕುಡಸಬ್ಯಾಡ. ಕುಡಿಸಿದಷ್ಟೂ ಕೆಳಗಿಂದ ಹೋಗತದ."

ಅಕ್ಕ ಹಾಲೂಡಿಸುತ್ತಿದ್ದಳು. ನೀರಿನ ಮಾತಿಗೆ ಎದುರಾಡಲಿಲ್ಲ. ನಮ್ಮ ಸೀಮೆಯ ಎಲ್ಲ ಮನೆಗಳಲ್ಲೂ ಅದೇ ರೂಢಿ.

ಜಾವಳ ಮುಂದೂಡುವ ಮಾತು ಬಂದಾಗ ಹಡಪದವನು ಆಗಲೇ ಕತ್ತಿ ಮಸೆಯುತ್ತ ಕುಳಿತಿದ್ದ. ಬೀಗರು ಬಂದಿದ್ದರು. ಭಾವ ನನ್ನ ಕೈಗೆ ಕತ್ತರಿ ಕೊಡುತ್ತ ಎಲ್ಲರಿಗೂ ಕೇಳುವಂತೆ ಹೇಳಿದ:

"ಕಾಲೇಜ ಕಲಿಯೋನ ಕೈಯಾಗ ಕತ್ತರಿ ಕೊಟ್ಟೀವಿ. ಕಿವಿ ಎರಡೂ ಉಳದ್ರ ಸಾಕ್ರಿ!"

ಎಲ್ಲರೂ ನಕ್ಕರು. ಕೂಸು ನಗಲಿಲ್ಲ, ಅಳಲೂ ಇಲ್ಲ. ಕತ್ತಿಯ ತಣ್ಣನೆಯ ಅಲಗು ತಾಗಿದರೆ ಊರೇ ಕೇಳುವಂತೆ ಚೀರುವ ಮಕ್ಕಳನ್ನು ನಾವೆಲ್ಲ ನೋಡಿದವರು. ಇವಳು ನನ್ನ ಎದೆಗೆ ಒರಗಿ ಸುಮ್ಮನೆ ಕುಳಿತಳು. ಹಡಪದವನಿಗೆ ಬಹಳ ಖುಷಿಯಾಯಿತು.

"ಎಂಥಾ ಶಾಣ್ಯಾ ಕೂಸರಿ! ನನ್ನ ಕೈಯಾಗ ಇಷ್ಟ ಸುಮ್ನ ಯಾರೂ ಕೂತಿಲ್ಲ ನೋಡ್ರಿ."

ನಾವೆಲ್ಲ ಹೆಮ್ಮೆಪಟ್ಟೆವು.

ತಲೆ ನುಣ್ಣಗಾಯಿತು. ಅವ್ವ ಅರಿಶಿನ ಹಚ್ಚಿ, ಬಟ್ಟಲಿನಿಂದ ನೆತ್ತಿಗೆ ಎಣ್ಣೆ ಬಿಟ್ಟಳು. ಎಣ್ಣೆ ಇಳಿದು ಹಣೆಗೆ ಬರಬೇಕು, ಹೆಂಗಸರು ಅದನ್ನು ಒರೆಸಿ ಸೋಬಾನೆ ಹೇಳಬೇಕು. ಎಣ್ಣೆ ಇಳಿಯಲಿಲ್ಲ. ಎಲುಬು ಇನ್ನೂ ಕೂಡದ ಆ ಮೆತ್ತನೆಯ ಜಾಗ ಒಳಗೆ ಕುಸಿದು ತಗ್ಗಾಗಿತ್ತು. ಪಣತಿಯಲ್ಲಿ ನಿಂತಂತೆ ಎಣ್ಣೆ ಅಲ್ಲಿಯೇ ನಿಂತಿತು. ಅಲ್ಲಿಯವರೆಗೆ ದಟ್ಟ ಗುಂಗುರು ಕೂದಲು ಅದನ್ನು ಮುಚ್ಚಿತ್ತು.

"ಅಯ್ಯ ನನ್ನ ಶಿವನೇ, ಟಾಳು ಬಿದ್ದದ!" ಎಂದಳು ಅವ್ವ.

ನೆತ್ತಿ ತಗ್ಗಾಗುವುದಕ್ಕೆ ನಮ್ಮಲ್ಲಿ ಟಾಳು ಬೀಳುವುದು ಎನ್ನುತ್ತಾರೆ. ಅದೇ ರೋಗ, ಅದರಿಂದಲೇ ಭೇದಿ ಎಂಬ ನಂಬಿಕೆ. ಬಾಯೊಳಗೆ ಬೆರಳು ಹಾಕಿ ಅಂಗುಳವನ್ನು ಮೇಲಕ್ಕೆ ಒತ್ತಿದರೆ ನೆತ್ತಿ ಏರುತ್ತದೆ, ಭೇದಿ ನಿಲ್ಲುತ್ತದೆ. ಅದನ್ನು ಮಾಡುವ ಮುದುಕಿ ಮಂದ್ರೂಪದ ಕಡೆ ಲಗ್ನಕ್ಕೆ ಹೋಗಿದ್ದಳು. ಸಂಜೆಗೆ ಬರುತ್ತಾಳೆಂದು ಯಾರೋ ಹೇಳಿದರು.

"ಸಂಜೀತನಕ ಕಾಯೂಣು. ಆಕಿ ಕೈ ಭಾಳ ಹಗೂರ ಅದ," ಎಂದಳು ಅವ್ವ.

ಅಕ್ಕ ನನ್ನ ತೊಡೆಯಿಂದ ಕೂಸನ್ನು ಎತ್ತಿಕೊಂಡಳು. ಬಾಯಲ್ಲಿ ಬೆರಳಿಟ್ಟು ನೋಡಿದಳು. ನಾಲಿಗೆ ಒಣಗಿ ಅಂಟಂಟಾಗಿತ್ತು. ಬೇಕೆಂದೇ ಅಂಗಾಲಿಗೆ ಚಿವುಟಿದಳು. ಕೂಸು ಬಾಯಿ ತೆರೆದು ಅತ್ತಿತು, ಸಣ್ಣ ದನಿಯಲ್ಲಿ. ಅಕ್ಕ ಅದರ ಕಣ್ಣನ್ನೇ ನೋಡುತ್ತಿದ್ದಳು. ಕಣ್ಣು ಗುಳಿ ಬಿದ್ದಿದ್ದವು, ಒಂದು ಹನಿಯೂ ಬರಲಿಲ್ಲ.

"ಅವ್ವಾ, ಅಳತಾಳ, ಕಣ್ಣಾಗ ನೀರಿಲ್ಲ. ಮುಂಜಾನಿಂದ ಉಚ್ಚಿ ಹೊಯ್ದಿಲ್ಲ. ಹೋದ ವರ್ಷ ನಮ್ಮ ಗಲ್ಲಿಯೊಳಗ ಒಂದು ಕೂಸು ಹಿಂಗ ಸುಮ್ಮಗಾತು. ಆರಾಮ ಆಗ್ಯದ, ನಿದ್ದಿ ಹತ್ಯದ ಅಂತ ಎಲ್ಲಾರೂ ಖುಷಿಪಟ್ರು. ಅದು ಏಳಲೇ ಇಲ್ಲ. ನಾ ಸಂಜೀತನಕ ಕಾಯಂಗಿಲ್ಲ. ಗಾಡಿ ಹೂಡಸು."

"ಹಬ್ಬದಂಥಾ ದಿನ ದವಾಖಾನಿಗೇನ? ಬೀಗರು ಉಣ್ಣಾಕ ಕೂತಾರ!"

"ಉಣ್ಲಿ. ಕೂಸು ನಂದು."

ತವರಿನಲ್ಲಿ ಅಕ್ಕ ಅವ್ವನಿಗೆ ಹಾಗೆ ಎದುರಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅಪ್ಪ ಎತ್ತುಗಳನ್ನು ಹೊರಗೆ ತಂದ. ಅಕ್ಕನ ಹಿಂದೆ ಭಾವ, ನಾನು, ಬೈಯುತ್ತಲೇ ಅವ್ವನೂ ಗಾಡಿ ಹತ್ತಿದೆವು. ಅವ್ವನ ಕೈಯಲ್ಲಿ ನೀರಿನ ತಂಬಿಗೆ, ಸೆರಗಿನ ಗಂಟಿನಲ್ಲಿ ಎಣ್ಣೆಯ ಕುಪ್ಪಿ.

ಸಂಸ್ಥಾನದ ದವಾಖಾನೆ ಅಕ್ಕಲಕೋಟದಲ್ಲಿ. ಜೋಳ ಕೊಯ್ದ ಕರಿಹೊಲಗಳ ನಡುವೆ ಬಿಸಿಲು ಬೆಂಕಿಯಂತಿತ್ತು. ಗಾಡಿಗೆ ಕಟ್ಟಿದ ಕಮಾನಿನ ನೆರಳಲ್ಲಿ ಕೂಸು ಅಕ್ಕನ ಮಡಿಲಲ್ಲಿ. ಅವ್ವ ತಂಬಿಗೆಯನ್ನು ತೊಡೆಸಂದಿಯಲ್ಲಿ ಭದ್ರವಾಗಿ ಹಿಡಿದುಕೊಂಡಿದ್ದಳು, ನೀರು ನಮಗೆ, ಕೂಸಿಗಲ್ಲ ಎಂಬಂತೆ. ಗಾಡಿ ಕುಲುಕಿದಾಗ ನೀರು ಸದ್ದು ಮಾಡಿತು. ಕೂಸು ತಲೆ ತಿರುಗಿಸಿ, ಎರಡೂ ಕೈ ತಂಬಿಗೆಯ ಕಡೆಗೆ ಚಾಚಿತು.

ಅವ್ವ ನೋಡಿದಳು.

"ಕೇಳಾಕತ್ತದಲ್ಲೋ," ಎಂದಳು. "ಏನ ಆಗತದೋ ಆಗ್ಲಿ, ಹಿಡಿ." ಅಕ್ಕನ ಗಂಟಿನಿಂದ ಕೂಸಿಗೆ ಹಾಲು ಹಾಕುವ ಬೆಳ್ಳಿಯ ಒಳಲೆ ತೆಗೆದು ತಾನೇ ನೀರು ಹಾಕತೊಡಗಿದಳು. ಕೂಸು ಒಳಲೆಯನ್ನೇ ಕಚ್ಚಿ ಹಿಡಿದು ಕುಡಿಯಿತು. ನಮಗೆಲ್ಲ ಜೀವ ಬಂದಂತಾಯಿತು. ಭಾವ ಸೋಬಾನೆ ಪದ ಶುರುಮಾಡಿ ರಾಗ ತಪ್ಪಿದ. ಅಪ್ಪ ಮುಂದಿನಿಂದ, "ಎತ್ತು ಬೆದರತಾವ, ಸುಮ್ನಿರ್ರಿ ಅಳಿಯದೇವ್ರ," ಎಂದ. ಅವ್ವ ಕೂಡ ನಕ್ಕಳು.

ಆ ನಗು ಊರು ಮುಟ್ಟುವವರೆಗೆ ಉಳಿಯಲಿಲ್ಲ. ಕೂಸು ಕುಡಿದದ್ದನ್ನು ವಾಂತಿ ಮಾಡಿತು, ಮತ್ತೆ ಭೇದಿಯಾಯಿತು. ಅಕ್ಕಲಕೋಟದ ಮನೆಗಳು ಕಾಣುವ ಹೊತ್ತಿಗೆ ಒಳಲೆ ತುಟಿಗೆ ತಾಗಿಸಿದರೂ ಬಾಯಿ ತೆರೆಯಲಿಲ್ಲ. ಹಾಕಿದ ನೀರು ಕಟವಾಯಿಂದ ಹೊರಗೆ ಹರಿಯಿತು. ನಾನು ಅಂಗಾಲು ಹಿಡಿದೆ. ತಲೆ ಸುಡುತ್ತಿತ್ತು, ಕಾಲು ತಣ್ಣಗಿದ್ದವು. ನಾನು ಕಾಲೇಜಿನಲ್ಲಿ ಓದಿದ ಯಾವುದೂ ಆ ಎರಡು ಕಾಲುಗಳ ತಂಪಿಗೆ ಉತ್ತರವಾಗಿರಲಿಲ್ಲ. ಅಪ್ಪ ಬಾರುಕೋಲು ಎತ್ತಿದ. ಅವನು ಎತ್ತಿಗೆ ಹೊಡೆದದ್ದನ್ನು ಅದಕ್ಕೂ ಮೊದಲು ನಾನು ಕಂಡಿರಲಿಲ್ಲ.

ಡಾಕ್ಟರು ಊಟಕ್ಕೆ ಹೊರಟವರು ನಮ್ಮನ್ನು ನೋಡಿ ಕೋಟು ಮತ್ತೆ ಗೂಟಕ್ಕೆ ಹಾಕಿದರು. ಮರಾಠಿ ಮನುಷ್ಯ, ಕನ್ನಡವನ್ನು ನಮ್ಮಂತೆಯೇ ಆಡುತ್ತಿದ್ದರು. ಕೂಸಿನ ಹೊಟ್ಟೆಯ ತೊಗಲನ್ನು ಎರಡು ಬೆರಳಲ್ಲಿ ಚಿವುಟಿ ಬಿಟ್ಟರು. ಅದು ಕೂಡಲೇ ಇಳಿಯಲಿಲ್ಲ. ಮಡಿಸಿಟ್ಟ ಅರಿವೆಯಂತೆ ಎದ್ದು ನಿಂತು, ಮೆಲ್ಲಗೆ ಸಮವಾಯಿತು. ಭಾವ ಮುಖ ತಿರುಗಿಸಿದ.

"ರಕ್ತ ಬಿದ್ದದೇನು?"

"ಇಲ್ರಿ, ಬರೇ ನೀರು," ಎಂದಳು ಅಕ್ಕ.

"ಉಚ್ಚಿ?"

"ಮುಂಜಾನಿಂದ ಇಲ್ಲ. ಕಣ್ಣೀರೂ ಇಲ್ಲ."

"ತಾಯಿ, ನೀವು ಬರೋಬರ ನೋಡೀರಿ. ಸಂಜೀಕ ಬಂದಿದ್ರ ನಾ ಏನೂ ಮಾಡಾಕ ಆಗತಿರಲಿಲ್ಲ. ಘಾಬರೂ ನಕಾ, ಈಗ ಹೆದರಬ್ಯಾಡ್ರಿ."

ಕುದಿಸಿ ಆರಿಸಿದ ಉಪ್ಪುನೀರಿನ ಗಾಜಿನ ಬುರುಡೆಯನ್ನು ಮೇಲೆ ತೂಗುಹಾಕಿ, ರಬ್ಬರು ನಳಿಗೆಯ ತುದಿಯ ಸೂಜಿಯನ್ನು ಕೂಸಿನ ತೊಡೆಯ ತೊಗಲಿನ ಕೆಳಗೆ ಚುಚ್ಚಿದರು. ನೀರು ಇಳಿದಂತೆ ತೊಡೆಯ ಮೇಲೆ ನಿಂಬೆಹಣ್ಣಿನಷ್ಟು ಉಬ್ಬು ಎದ್ದಿತು. ಅವ್ವ ಬಾಗಿಲಲ್ಲೇ ಕೂಗಿದಳು.

"ಡಾಕ್ಟರಸಾಹೇಬ್ರ, ಟಾಳು ಬಿದ್ದದ್ದು ತಲ್ಯಾಗ. ನೀವು ತೊಡಿಗೆ ನೀರ ಹಾಕತೀರಲ್ಲ!"

"ಆಜಿ, ಟಾಳು ಎತ್ತಾಕ ಹತ್ತೀನಿ. ನಿಮ್ಮೂರಾಗ ಬಾಯಿಂದ ಎತ್ತತಾರ, ನಾ ಕೆಳಗಿಂದ ಎತ್ತತೀನಿ. ಮೈಯಾಗಿಂದ ಹೋದ ನೀರ ತಿರಗಿ ಹೊಕ್ಕರ ಅದು ತಾನ ಏರತದ. ಜುಲಾಬ ನಾಳೆ ನಿಂತ್ರೂ ನಡೀತದ. ನೀರ ಮಾತ್ರ ಇವತ್ತ ಬೇಕು."

ಉಬ್ಬು ಮೆಲ್ಲಮೆಲ್ಲಗೆ ಇಳಿಯಿತು. ಇನ್ನೊಂದು ತೊಡೆಗೆ ಹಾಕಿದರು. ನಡುವೆ ವಾಂತಿ ನಿಂತಿತು. ಆಮೇಲೆ ಚಿಟಿಕೆ ಉಪ್ಪು ಹಾಕಿದ ತೆಳ್ಳನೆಯ ಅಕ್ಕಿಗಂಜಿಯ ನೀರನ್ನು ಒಳಲೆಯಲ್ಲಿ, ಸ್ವಲ್ಪ ಸ್ವಲ್ಪ, ಬಿಡುವು ಕೊಟ್ಟು ಕುಡಿಸಲು ಹೇಳಿದರು. ಎದೆಹಾಲು ನಿಲ್ಲಿಸಬೇಡಿ ಎಂದರು. ಹಾಸಲು ಅರಿವೆ ಸಾಲದೆ ಬಂದಾಗ ನಾನು ಜರಿ ರುಮಾಲು ಬಿಚ್ಚಿ ಮಡಿಸಿ ಕೂಸಿನ ಕೆಳಗೆ ಹಾಸಿದೆ. ಹೊತ್ತು ಇಳಿಯತೊಡಗಿತ್ತು. ನಾವು ನಾಲ್ವರೂ ಒಂದು ಮಂಚದ ಸುತ್ತ ಕುಳಿತು, ಲೋಕದಲ್ಲಿ ಯಾರೂ ಕಾಯದ ಒಂದು ಸಂಗತಿಗಾಗಿ ಕಾಯುತ್ತಿದ್ದೆವು.

ಅದು ಬಂತು. ನನ್ನ ರುಮಾಲು ಒದ್ದೆಯಾಯಿತು, ಭೇದಿಯಲ್ಲ, ಹಳದಿ ನೀರು. ಜರಿ ಅಂಚಿನವರೆಗೆ ಹರಿಯಿತು.

"ಹೊಯ್ದಳು!" ಎಂದು ಅಕ್ಕ ಕಿರುಚಿದಳು. "ಹೊಯ್ದಳ್ರೀ!"

ಭಾವ ಎದ್ದು ನಿಂತು ಕುಣಿದೇಬಿಟ್ಟ. ಹೊರಗೆ ಎತ್ತುಗಳ ಬಳಿ ಕುಳಿತಿದ್ದ ಅಪ್ಪ ಓಡಿ ಬಂದ. ಅವ್ವ ಆ ಒದ್ದೆ ರುಮಾಲನ್ನು ಕಣ್ಣಿಗೆ ಒತ್ತಿಕೊಳ್ಳಲು ಹೋದಳು, ಅಕ್ಕ ತಡೆದಳು. "ರುಮಾಲ ಹಾಳಾತಲ್ಲೋ ಮಾವಾ," ಎಂದು ಭಾವ ಕೂಸಿನ ಪರವಾಗಿ ನನ್ನನ್ನು ಕೆಣಕಿದ. ನನಗೆ ನಗು ಬಂತು.

ಮರುದಿನ ಮುಂಜಾನೆ ಡಾಕ್ಟರು ಮತ್ತೆ ಒಂದು ಸಲ ನೀರು ಹಾಕಲು ಸೂಜಿ ಹಿಡಿದು ಬಂದರು. ಕೂಸು ಅವರನ್ನು ಗುರುತು ಹಿಡಿದು ಹೊರಗಿನ ಬೇವಿನ ಮರದ ಹಕ್ಕಿಗಳು ಹಾರುವಂತೆ ಚೀರಿತು. ಕೆನ್ನೆಯ ಮೇಲೆ ದಪ್ಪ ಹನಿಗಳು ಉರುಳಿದವು. ಅಕ್ಕ ಅವನ್ನು ಒರೆಸಲಿಲ್ಲ. ಅವ್ವನಿಗೆ ತೋರಿಸಿ ನಕ್ಕಳು.

"ಹಂಗಾರ ಸೂಜಿ ಬ್ಯಾಡ," ಎಂದರು ಡಾಕ್ಟರು. "ಇಷ್ಟು ನೀರು ಇದ್ದವಳಿಗೆ ನನ್ನ ನೀರು ಯಾಕ?"

ಅಷ್ಟರಲ್ಲಿ ಊರಿನಿಂದ ಬೀಗರೂ ಮನೆಯ ಹೆಂಗಸರೂ ಗಾಡಿಯಲ್ಲಿ ಬಂದರು, ನಾವು ಬಿಟ್ಟುಬಂದ ಹೋಳಿಗೆಯ ಬುಟ್ಟಿಯೊಂದಿಗೆ. ಬೇವಿನ ನೆರಳಲ್ಲಿ ಎಲೆ ಹಾಕಿದೆವು. ಡಾಕ್ಟರಿಗೂ ಬಡಿಸಿದೆವು. ಅವ್ವ ಸೆರಗಿನ ಗಂಟು ಬಿಚ್ಚಿ ಎಣ್ಣೆಯ ಕುಪ್ಪಿ ತೆಗೆದಳು. ನಾನು ಉಣ್ಣುವುದನ್ನು ನಿಲ್ಲಿಸಿ ನೋಡುತ್ತಿದ್ದೆ. ಅವಳು ನುಣ್ಣನೆಯ ನೆತ್ತಿಗೆ ಎಣ್ಣೆ ಬಿಟ್ಟಳು.

ನಿಲ್ಲಲಿಲ್ಲ. ನೆತ್ತಿಯಿಂದ ಜಾರಿ, ಹಣೆಗೆ ಇಳಿದು, ಮೂಗಿನ ತುದಿಗೆ ಬಂತು. ಕೂಸು ಮುಖ ಸಿಂಡರಿಸಿ ನಾಲಿಗೆ ಚಾಚಿ ಅದನ್ನು ನೆಕ್ಕಿತು. ನಿನ್ನೆ ಹಾಡದೆ ಉಳಿದ ಸೋಬಾನೆಯನ್ನು ಹೆಂಗಸರು ಎಂಜಲು ಕೈಯಲ್ಲೇ ಎತ್ತಿಕೊಂಡರು.