ಐದು ಗಂಟೆ ನಲವತ್ತು ನಿಮಿಷ

ನನಗೆ ಸೊಕ್ಕು ಸ್ವಲ್ಪ ಜಾಸ್ತಿ. ಇದನ್ನು ನನ್ನ ಹೆಂಡತಿಯೂ ಹೇಳುತ್ತಾಳೆ, ಹೊಸಪೇಟೆಯ ಬಸ್‌ಸ್ಟ್ಯಾಂಡ್ ಹಿಂದಿನ ನಮ್ಮ ಆಫೀಸಿಗೆ ಟೀ ತರುವವನೂ ಹೇಳುತ್ತಾನೆ. ಹದಿನೈದು ವರ್ಷದಿಂದ ನಾನು ವೇಬ್ರಿಡ್ಜ್‌ಗಳಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದೇನೆ. ಅದಿರು ತುಂಬಿದ ಲಾರಿ ತೂಕದ ಹಲಗೆಯ ಮೇಲೆ ನಿಂತರೆ ಲಾರಿ ನಂಬರ್, ತೂಕ, ಟೈಮು ಮೂರೂ ದಾಖಲಾಗಿ ಚೀಟಿ ಹೊರಗೆ ಬರಬೇಕು, ಅಷ್ಟೇ ಕೆಲಸ. ಬರೆದದ್ದು ಕೆಟ್ಟಿದ್ದು ಕಡಿಮೆ. ಹಾಗಾಗಿ ಸೊಕ್ಕಿಗೆ ಕಾರಣವೂ ಇತ್ತು.

ಆಫೀಸಿನಲ್ಲಿ ನಾವಿಬ್ಬರೇ. ಇನ್ನೊಬ್ಬಳು ಕಂಪ್ಲಿಯ ಹುಡುಗಿ, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಾಳೆ, ಬುದ್ಧಿ ಚುರುಕು, ಬಾಯಿ ಅದಕ್ಕಿಂತ ಚುರುಕು. ಕೆಲಸಕ್ಕೆ ಸೇರಿದ ವಾರದಲ್ಲೇ ನನ್ನ ಡೇಟಾಬೇಸ್ ನೋಡಿ ಕೇಳಿದಳು:

"ಸರ್, ಟೈಮೆಲ್ಲಾ ನಮ್ಮ ಗಡಿಯಾರದ ಟೈಮಿನಾಗ ಐತಲ್ರಿ? ಯುಟಿಸಿಯೊಳಗ ಇಡಬೇಕಿತ್ತು. ಜಗತ್ತಿಗೆಲ್ಲ ಒಂದೇ ಅಳತಿ. ತೋರ್ಸುವಾಗ ಐದೂವರೆ ತಾಸು ಕೂಡಿಸಿದ್ರ ಆತು."

"ಏ ತಂಗೀ, ನಮ್ಮ ಲಾರಿ ಲಂಡನ್ನಿಗೆ ಹೋಗ್ತಾವೇನು? ಸಂಡೂರು ದಾಟಿದ್ರ ದೊಡ್ಡದು. ದೇಶಕ್ಕೆಲ್ಲ ಒಂದೇ ಟೈಮು, ಹೊರದೇಶದಂಗ ಬ್ಯಾಸಗ್ಯಾಗ ಗಡಿಯಾರ ಒಂದು ತಾಸು ಮುಂದ ತಿರುವೋ ಪದ್ಧತಿನೂ ಇಲ್ಲ. ಸುಮ್ನ ಲೆಕ್ಕ ಯಾಕ ಹೆಚ್ಚು ಮಾಡ್ಬೇಕು?"

ಅವಳು ತನ್ನ ಕುರ್ಚಿಗೆ ಮರಳಿದಳು. ಒಪ್ಪಿದಳು ಅಂತ ನಾನು ತಿಳಿದುಕೊಂಡೆ.

ಆಮೇಲೆ ಒಂದು ದಿನ ಮಧ್ಯಾಹ್ನ ಒಬ್ಬ ಲಾರಿ ಡ್ರೈವರ್ ಬಾಗಿಲಲ್ಲಿ ನಿಂತ. ಬಂಡ್ರಿಯವನು, ಐವತ್ತರ ಮೇಲಿನ ವಯಸ್ಸು, ಕೈಯಲ್ಲಿ ಎರಡು ಕಾಗದ. ಯಶವಂತನಗರದ ಹತ್ತಿರದ ಒಂದು ಗಣಿಯಲ್ಲಿ ಓಡಿಸುತ್ತಿದ್ದ. ಆ ಗಣಿಯಲ್ಲಿ ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಅದಿರಿನ ಲಾರಿ ಹೊರಡುವಂತಿಲ್ಲ. ಹೊರಟರೆ ಕಳ್ಳ ಸಾಗಣೆ ಅಂತಲೇ ಲೆಕ್ಕ. ನಮ್ಮ ಸಾಫ್ಟ್‌ವೇರ್ ಕೊಟ್ಟ ವರದಿಯಲ್ಲಿ ಅವನ ಲಾರಿ ನಡುರಾತ್ರಿ ದಾಟಿ ಒಂದು ಗಂಟೆ ಹತ್ತು ನಿಮಿಷಕ್ಕೆ ಹೊರಟಿತ್ತು. ಅವನ ಕೈಯಲ್ಲಿದ್ದ ತೂಕದ ಚೀಟಿಯಲ್ಲಿ ಬೆಳಿಗ್ಗೆ ಆರು ಐವತ್ತು ಅಂತಿತ್ತು. ಚೀಟಿಯೇ ಖೋಟಾ ಅಂದು ಗಣಿ ಕಂಪನಿಯವರು ಅವನ ಗೇಟ್ ಪಾಸ್ ಕಸಿದುಕೊಂಡಿದ್ದರು. ಸೋಮವಾರದೊಳಗೆ ಸಾಬೀತು ಮಾಡದಿದ್ದರೆ ಆ ಗಣಿಯ ಗೇಟು ಅವನಿಗೆ ಕಾಯಂ ಬಂದ್.

"ಇಪ್ಪತ್ತೆರಡು ವರ್ಷ ಓಡ್ಸೀನ್ರಿ ಸಾಹೇಬ್ರ. ಮಂದಿ ಮುಂದ ಕಳ್ಳ ಅಂದ್ರು," ಅಂದ.

ನಾನು ಡೇಟಾಬೇಸ್ ತೆಗೆದು ನೋಡಿದೆ. ಒಂದು ಹತ್ತು. ಸ್ಪಷ್ಟವಾಗಿತ್ತು.

"ಯಣ್ಣಾ, ಕಂಪ್ಯೂಟರ್ ಸುಳ್ಳು ಹೇಳಂಗಿಲ್ಲ," ಅಂದುಬಿಟ್ಟೆ. ಆ ಮಾತು ಇವತ್ತಿಗೂ ನೆನಪಾದರೆ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಹುಡುಗಿ ನನ್ನ ಹಿಂದೆ ಬಂದು ನಿಂತಿದ್ದಳು. "ಸರ್, ಸರ್ವರ್ ಬದಲಿ ಮಾಡೀವಲ್ರಿ ಹೋದ ತಿಂಗಳ?" ಅಂದಳು. ಹೌದು, ಆಫೀಸಿನ ಮೂಲೆಯಲ್ಲಿದ್ದ ಹಳೆಯ ಮಷಿನ್ ತೆಗೆದು ಬಾಡಿಗೆ ಸರ್ವರಿಗೆ ಹೋಗಿದ್ದೆವು. ಅದರ ಗಡಿಯಾರ ಯುಟಿಸಿಯಲ್ಲಿ ಓಡುತ್ತದೆ, ನಮಗಿಂತ ಐದೂವರೆ ತಾಸು ಹಿಂದೆ. ಆದರೆ ಸೊಕ್ಕು ಅಷ್ಟು ಬೇಗ ಇಳಿಯುವಂಥದ್ದಲ್ಲ. ತೂಕದ ಟೈಮನ್ನು ಕಳಿಸುವುದು ವೇಬ್ರಿಡ್ಜಿನ ಕಂಪ್ಯೂಟರ್ ತಾನೇ, ಸರ್ವರ್ ಅಲ್ಲವಲ್ಲ. ಮೇಲಾಗಿ ಲೆಕ್ಕ ಕೂಡುತ್ತಿರಲಿಲ್ಲ. ಒಂದು ಹತ್ತಕ್ಕೆ ಐದೂವರೆ ತಾಸು ಕೂಡಿಸಿದರೆ ಆರು ನಲವತ್ತು. ಚೀಟಿಯಲ್ಲಿ ಆರು ಐವತ್ತು.

"ವ್ಯತ್ಯಾಸ ಐದು ಗಂಟೆ ನಲವತ್ತು ನಿಮಿಷ. ಅಂಥ ಟೈಮು ನಮ್ಮದಲ್ಲ, ನೇಪಾಳದವರದ್ದೂ ಅಲ್ಲ, ಅವರದ್ದು ಐದು ಮುಕ್ಕಾಲು," ಅಂತ ಜಂಬ ಕೊಚ್ಚಿದೆ. ಹುಡುಗಿ ಬೆರಳು ಮಡಚಿ ಮತ್ತೆ ಎಣಿಸತೊಡಗಿದಳು.

ಉತ್ತರ ಹೇಳಿದವನು ಡ್ರೈವರ್.

"ಹತ್ತು ನಿಮಿಷ ಯಾವಾಗ್ಲೂ ಮುಂದ ಇರ್ತೈತಲ್ರಿ ಅಲ್ಲಿ. ಕಂಪನಿ ಬಸ್ ತಪ್ಪಬಾರದಂತ ತೂಕದ ಕ್ಲಾರ್ಕ್ ಗ್ವಾಡಿ ಗಡಿಯಾರ, ಕಂಪ್ಯೂಟರ್ ಎರಡೂ ಮುಂದ ಇಟ್ಟಾನ. ಎಲ್ಲಾರ್ಗೂ ಗೊತ್ತೈತಿ."

ಎಲ್ಲರಿಗೂ ಗೊತ್ತಿತ್ತು, ಸಾಫ್ಟ್‌ವೇರ್ ಬರೆದ ನನಗೊಬ್ಬನಿಗೆ ಗೊತ್ತಿರಲಿಲ್ಲ.

ಕ್ಲಾರ್ಕಿಗೆ ಫೋನ್ ಮಾಡಿದೆ. ಅವನು ನಾಚಿಕೆಯೇ ಇಲ್ಲದೆ ಒಪ್ಪಿಕೊಂಡ. ಕಂಪ್ಯೂಟರ್ ತಾನಾಗಿ ಟೈಮು ಸರಿ ಮಾಡಿಕೊಳ್ಳುವುದನ್ನೂ ಬಂದ್ ಮಾಡಿದ್ದನಂತೆ. "ಅವತ್ತು ಏನಾದ್ರೂ ತಿದ್ದಿದ್ಯಾ?" ಅಂದೆ. "ಲಾರಿ ನಂಬರ್ ತಪ್ಪು ಒತ್ತಿದ್ದೆ ಸರ್, ಆಗ್ಲೇ ತಿದ್ದಿ ಚೀಟಿ ಕೊಟ್ಟೆ."

ಗಂಟು ಬಿಚ್ಚಿತು. ತಿದ್ದುವ ಪುಟವನ್ನು ಎಂಟು ವರ್ಷದ ಹಿಂದೆ ನಾನೇ ಬರೆದಿದ್ದೆ. ಅದು ದಾಖಲೆಯಲ್ಲಿದ್ದ ವೇಬ್ರಿಡ್ಜಿನ ಟೈಮನ್ನು ಅಳಿಸಿ ಸರ್ವರಿನ ಆ ಕ್ಷಣದ ಟೈಮನ್ನು ಬರೆಯುತ್ತಿತ್ತು, ಚೀಟಿ ಮಾತ್ರ ವೇಬ್ರಿಡ್ಜಿನ ಟೈಮಿನಲ್ಲೇ ಅಚ್ಚಾಗುತ್ತಿತ್ತು. ಹಳೆಯ ಸರ್ವರ್ ಹೊಸಪೇಟೆಯಲ್ಲೇ, ನಮ್ಮ ಟೈಮಿನಲ್ಲೇ ಇದ್ದಾಗ ತಪ್ಪು ಕಾಣಲಿಲ್ಲ. ಈಗ ಒಂದೇ ಕಾಲಮ್ಮಿನಲ್ಲಿ ಎರಡು ಟೈಮು ಕಲಸಿಹೋಗಿದ್ದವು, ಯಾವುದು ಯಾವುದೆಂಬ ಗುರುತಿಲ್ಲ. ಆ ತಿಂಗಳಲ್ಲಿ ತಿದ್ದಿದ ಬೇರೆ ಚೀಟಿಗಳೆಲ್ಲ ಮಧ್ಯಾಹ್ನದವು. ಮಧ್ಯಾಹ್ನದ ಮೂರು ಗಂಟೆ ಹೋಗಿ ಬೆಳಗಿನ ಒಂಬತ್ತೂವರೆ ಆಗಿತ್ತು. ಹಗಲೇ ಆದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ಬೆಳಗಿನ ಇವನೊಬ್ಬನದೇ ನಡುರಾತ್ರಿ ದಾಟಿದ ಹೊತ್ತಿಗೆ ಹೋಗಿ ಬಿದ್ದಿತ್ತು. ಚೀಟಿಯ ಕ್ರಮಸಂಖ್ಯೆ ನೋಡಿದ್ದರೂ ಸಾಕಿತ್ತು, ಅವನ ಹಿಂದಿನ ಲಾರಿಯದು ಆರು ನಲವತ್ತಾರು, ಮುಂದಿನದು ಆರು ಐವತ್ತೈದು. ನಾನು ಅದನ್ನೂ ನೋಡಿರಲಿಲ್ಲ. ನಾಚಿಕೆಯಾಯಿತು.

ಆಮೇಲೆ ಹುಡುಗಿ ಹೇಳಿದ್ದನ್ನೇ ಮಾಡಿದೆವು. ತೂಕ ಆದ ಕ್ಷಣವನ್ನು ಸರ್ವರ್ ಯುಟಿಸಿಯಲ್ಲಿ ಬರೆಯಬೇಕು, ತೋರಿಸುವಾಗ ಮಾತ್ರ ನಮ್ಮ ಟೈಮು. ಹಳೆಯ ಸಾಲುಗಳಿಗೆಲ್ಲ ಒಟ್ಟಿಗೆ ಐದೂವರೆ ತಾಸು ಕಳೆಯಲು ಕೈ ಹಾಕಿದ ನನ್ನನ್ನು ಅವಳೇ ತಡೆದಳು. ತಿದ್ದಿದ ಸಾಲುಗಳು ಆಗಲೇ ಹಿಂದೆ ಹೋಗಿದ್ದವು, ಮತ್ತೆ ಕಳೆದರೆ ಎರಡು ಪಟ್ಟು ತಪ್ಪು. ಆದರೆ ಅವಳ ಯುಟಿಸಿಯೂ ಮಡಿ ಉಟ್ಟುಕೊಂಡು ಬಂದದ್ದಲ್ಲ. ಮರುದಿನದ ವರದಿಯಲ್ಲಿ ಬೆಳಿಗ್ಗೆ ಐದಕ್ಕೇ ಬಂದು ಪಾಳಿ ಹಚ್ಚಿ ಖಾಲಿ ತೂಕ ಮಾಡಿಸಿದ ಲಾರಿಗಳು ಹಿಂದಿನ ದಿನದ ಪಟ್ಟಿಯಲ್ಲಿ ಕೂತಿದ್ದವು. ದಿನವನ್ನೂ ಅವಳು ಯುಟಿಸಿಯಲ್ಲೇ ಎಣಿಸಿದ್ದಳು. ಅಲ್ಲಿ ದಿನ ಬದಲಾಗುವುದು ನಮ್ಮ ಐದೂವರೆಗೆ. "ಏನ್ ತಂಗೀ, ಜಗತ್ತಿನ ಅಳತಿ?" ಅಂದೆ. ಸುಳ್ಳು ಯಾಕೆ ಹೇಳಲಿ, ಭಾಳ ಖುಷಿಯಾಯಿತು.

ಅದಕ್ಕೆಲ್ಲ ಮೊದಲು, ಡ್ರೈವರ್ ಬಂದ ಆ ಮಧ್ಯಾಹ್ನವೇ, ಕಂಪನಿಗೆ ಪತ್ರ ಬರೆಯುವುದಿತ್ತು. "ತಾಂತ್ರಿಕ ಕಾರಣದಿಂದ ದಾಖಲೆಯಲ್ಲಿ ವ್ಯತ್ಯಾಸ ಉಂಟಾಗಿದ್ದು" ಅಂತ ಶುರುಮಾಡಿ ಡ್ರೈವರಿಗೆ ಓದಿ ಹೇಳಿದೆ. ಅವನು ಕೈ ಅಡ್ಡ ಆಡಿಸಿದ.

"ಅದು ಬ್ಯಾಡ್ರಿ. ನಾ ಖರೇ ಹೇಳೀನಿ ಅಂತ ಬರೀರಿ."

ಹರಿದು ಹಾಕಿ ಮತ್ತೆ ಬರೆದೆ. ಲಾರಿ ಹೊರಟಿದ್ದು ಬೆಳಿಗ್ಗೆ ಆರು ನಲವತ್ತಕ್ಕೆ. ಚೀಟಿ ಖೋಟಾ ಅಲ್ಲ. ಚಾಲಕ ಹೇಳಿದ್ದು ನಿಜ. ತಪ್ಪು ಸಾಫ್ಟ್‌ವೇರ್ ಬರೆದ ನನ್ನದು. ಅವನು ಎರಡು ಪ್ರತಿ ಕೇಳಿದ.

ಸೋಮವಾರ ಪಾಸ್ ವಾಪಸ್ ಸಿಕ್ಕಿತು. ಕೆಲವು ತಿಂಗಳ ನಂತರ ಆ ಗಣಿಗೆ ಹೋದಾಗ ಅವನು ಲಾರಿಯಿಂದ ಇಳಿದು ಬಂದು ಮಾತಾಡಿಸಿದ. ಲೈಸೆನ್ಸಿನ ಕವರಿನಲ್ಲಿ ನನ್ನ ಪತ್ರ ಮಡಚಿ ಇಟ್ಟುಕೊಂಡಿದ್ದ, ಮಡಿಕೆ ಸವೆದಿತ್ತು.

"ಪಾಸ್ ಬಂತಲ್ಲ ಯಣ್ಣಾ, ಇದಿನ್ನೂ ಯಾಕ?" ಅಂದೆ.

"ಪಾಸ್ ಕಂಪನೀದ್ರಿ," ಅಂದ ಅವನು, ಕವರು ಜೇಬಿಗೆ ಹಾಕುತ್ತ. "ಇದು ನಂದು."